ಮಂಜುಗಡ್ಡೆಯಿಂದ ಹಬೆಗೆ: ಐದು ಹಂತ, ಐವತ್ತೊಂದೂವರೆ ನಿಮಿಷ

ಒಂದು ಕಿಲೋ ಮಂಜುಗಡ್ಡೆ ಇದೆ. ಅದರ ತಾಪಮಾನ ಮೈನಸ್ 20 ಡಿಗ್ರಿ ಸೆಲ್ಸಿಯಸ್. ಅದನ್ನು ಕಾಯಿಸಿ, ಕರಗಿಸಿ, ಕುದಿಸಿ, ಕೊನೆಗೆ 120 ಡಿಗ್ರಿಯ ಹಬೆ ಮಾಡಬೇಕು. ಇದಕ್ಕೆ ಎಷ್ಟು ಶಾಖ ಬೇಕು?

ಪಿಯುಸಿ ಓದಿದವರಿಗೆ ಈ ಜಾತಿಯ ಲೆಕ್ಕ ಪರಿಚಿತ. ಎನ್‌ಸಿಇಆರ್‌ಟಿಯ ಭೌತಶಾಸ್ತ್ರ ಪುಸ್ತಕದಲ್ಲಿ ಮೈನಸ್ 12 ಡಿಗ್ರಿಯ ಮೂರು ಕಿಲೋ ಮಂಜುಗಡ್ಡೆಯನ್ನು 100 ಡಿಗ್ರಿಯ ಹಬೆಯಾಗಿಸುವ ಒಂದು ಮಾದರಿ ಲೆಕ್ಕವಿದೆ. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹಬೆಯಾದ ಮೇಲೂ ಕಾಯಿಸುವುದನ್ನು ಮುಂದುವರಿಸೋಣ.

ತಕ್ಷಣ ಹೊಳೆಯುವ ದಾರಿ ಸುಲಭದ್ದು. ಮೈನಸ್ 20ರಿಂದ 120ಕ್ಕೆ ಒಟ್ಟು 140 ಡಿಗ್ರಿ ಏರಬೇಕು. ಒಂದು ಕಿಲೋ ನೀರಿನ ತಾಪಮಾನವನ್ನು ಒಂದು ಡಿಗ್ರಿ ಏರಿಸಲು ಸುಮಾರು 4.19 ಕಿಲೋಜೂಲ್ ಶಾಖ ಬೇಕು. ಎರಡನ್ನೂ ಗುಣಿಸಿದರೆ 587 ಕಿಲೋಜೂಲ್. ಈ ಉತ್ತರ ಸ್ವಲ್ಪ ತಪ್ಪಲ್ಲ, ಪೂರ್ತಿ ತಪ್ಪು. ನಿಜವಾಗಿ ಬೇಕಾಗುವ ಶಾಖ ಇದರ ಐದು ಪಟ್ಟಿಗೂ ಹೆಚ್ಚು. ಉಳಿದದ್ದೆಲ್ಲ ಎಲ್ಲಿ ಖರ್ಚಾಗುತ್ತದೆ ಎಂದರೆ, ಥರ್ಮಾಮೀಟರಿನಲ್ಲಿ ಒಂದು ಗೆರೆಯೂ ಏರದ ಜಾಗದಲ್ಲಿ.

ಥರ್ಮಾಮೀಟರ್ ಏರದಿದ್ದರೂ ಶಾಖ ಒಳಗೆ ಹೋಗುತ್ತಿರಬಹುದು ಎಂಬುದನ್ನು ಮೊದಲು ಅಳೆದು ತೋರಿಸಿದವರಲ್ಲಿ ಮುಖ್ಯರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1760ರ ಆಸುಪಾಸಿನಲ್ಲಿ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಮಂಜುಗಡ್ಡೆಯನ್ನು ಕರಗುವ ತಾಪಮಾನಕ್ಕೆ ತಂದರೆ ಸಾಕು, ಆಮೇಲೆ ಒಂದಿಷ್ಟು ಶಾಖ ಸೇರಿದರೂ ಅದು ಪೂರ್ತಿ ನೀರಾಗಿಬಿಡುತ್ತದೆ ಎಂದು ಆಗ ಹೆಚ್ಚಿನವರು ನಂಬಿದ್ದರು. ಬ್ಲ್ಯಾಕ್ ಇದನ್ನು ಒಪ್ಪಲಿಲ್ಲ. ಹಾಗಿದ್ದಿದ್ದರೆ ಚಳಿಗಾಲ ಮುಗಿದು ಗಾಳಿ ತುಸು ಬೆಚ್ಚಗಾದ ಕೂಡಲೇ ಬೆಟ್ಟದ ಮೇಲಿನ ಹಿಮವೆಲ್ಲ ಒಮ್ಮೆಲೇ ಕರಗಿ, ಪ್ರತಿ ವರ್ಷ ಊರುಗಳು ಕೊಚ್ಚಿಹೋಗಬೇಕಿತ್ತು. ಆದರೆ ಹಿಮ ವಾರಗಟ್ಟಲೆ ನಿಧಾನವಾಗಿ ಕರಗುತ್ತದೆ. ಅಂದರೆ ಕರಗುವ ಕೆಲಸಕ್ಕೇ ದೊಡ್ಡ ಪ್ರಮಾಣದ ಶಾಖ ಬೇಕು.

ಇದನ್ನು ಅಳೆಯಲು ಅವರು ಮಾಡಿದ ಪ್ರಯೋಗದ ಸರಳತೆ ನನಗೆ ಈಗಲೂ ಬಹಳ ಇಷ್ಟ. ಒಂದೇ ಅಳತೆಯ ಎರಡು ತೆಳು ಗಾಜಿನ ಬುರುಡೆಗಳು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಪ್ಪುಗಟ್ಟಲು ಇನ್ನೇನು ಒಂದು ಡಿಗ್ರಿ ಇದೆ ಎನ್ನುವಷ್ಟು ತಣ್ಣಗಿನ ನೀರು. ಎರಡನ್ನೂ ದೊಡ್ಡದೊಂದು ಕೋಣೆಯಲ್ಲಿ ತೂಗುಹಾಕಿದರು. ಕೋಣೆಯ ಗಾಳಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಶಾಖ ಕೊಡುತ್ತದೆ ಎಂಬುದು ಅವರ ಲೆಕ್ಕಾಚಾರ. ನೀರು ಅರ್ಧ ಗಂಟೆಯಲ್ಲಿ 7 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಮಂಜುಗಡ್ಡೆ ಕರಗಿ ಅದೇ ತಾಪಮಾನ ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು. ಹತ್ತೂವರೆ ಗಂಟೆಯೆಂದರೆ 21 ಅರ್ಧ ಗಂಟೆಗಳು. ಅರ್ಧ ಗಂಟೆಗೆ 7 ಡಿಗ್ರಿಯಂತೆ 147 ಡಿಗ್ರಿಗೆ ಸಾಕಾಗುವಷ್ಟು ಶಾಖ ಆ ಬುರುಡೆಯೊಳಗೆ ಸೇರಿತ್ತು. ಕರಗಿದ ನೀರು ಬೆಚ್ಚಗಾಗಲು ತೆಗೆದುಕೊಂಡ 8 ಡಿಗ್ರಿಯನ್ನು ಕಳೆದರೆ ಉಳಿಯುವುದು 139. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಸುಮಾರು 77 ಡಿಗ್ರಿ. ಇಂದಿನ ನಿಖರ ಅಳತೆಯ ಪ್ರಕಾರ ಅದು 80ಕ್ಕೆ ಹತ್ತಿರ. ಗಡಿಯಾರ ಮತ್ತು ಥರ್ಮಾಮೀಟರ್ ಎರಡೇ ಇಟ್ಟುಕೊಂಡು ಅವರು ಸತ್ಯಕ್ಕೆ ಅಷ್ಟು ಹತ್ತಿರ ಹೋಗಿದ್ದರು. ಹೀಗೆ ತಾಪಮಾನ ಏರಿಸದೆ ಒಳಗೆ ಅಡಗಿಬಿಡುವ ಶಾಖಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಗುಪ್ತೋಷ್ಣ ಎಂಬ ಹೆಸರಿದೆ.

ಬ್ಲ್ಯಾಕ್ ಶಾಖವನ್ನು ಗಡಿಯಾರದಿಂದ ಅಳೆದರು. ನಮ್ಮ ಲೆಕ್ಕವನ್ನೂ ಗಡಿಯಾರದಿಂದಲೇ ಮಾಡಬಹುದು. 1000 ವಾಟ್‌ನ ಒಂದು ಹೀಟರ್ ತೆಗೆದುಕೊಳ್ಳೋಣ. 1000 ವಾಟ್ ಎಂದರೆ ಸೆಕೆಂಡಿಗೆ ಒಂದು ಕಿಲೋಜೂಲ್. ಆದ್ದರಿಂದ ಎಷ್ಟು ಕಿಲೋಜೂಲ್ ಬೇಕೋ ಅಷ್ಟೇ ಸೆಕೆಂಡು ಹೀಟರ್ ಉರಿಯಬೇಕು. ಪಾತ್ರೆಗೆ ಮುಚ್ಚಳವಾಗಿ ಮೇಲೆ ಕೆಳಗೆ ಸುಲಭವಾಗಿ ಸರಿಯುವ ಪಿಸ್ಟನ್ ಇದೆ, ಹಾಗಾಗಿ ಒಳಗಿನ ಒತ್ತಡ ಯಾವಾಗಲೂ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟೇ ಇರುತ್ತದೆ. ಒಂದಿಷ್ಟೂ ಶಾಖ ಹೊರಗೆ ಸೋರುವುದಿಲ್ಲ, ಪಾತ್ರೆ ತಾನೇ ಶಾಖ ಹೀರಿಕೊಳ್ಳುವುದಿಲ್ಲ ಎಂದೂ ಇಟ್ಟುಕೊಳ್ಳೋಣ. ನಿಜವಾದ ಅಡುಗೆಮನೆಯಲ್ಲಿ ಇವೆರಡೂ ಆಗುತ್ತವೆ, ಸಮಯ ಇನ್ನಷ್ಟು ಹೆಚ್ಚುತ್ತದೆ.

ಹೀಟರ್ ಹಾಕಿದೆವು. ಮೊದಲು ಮಂಜುಗಡ್ಡೆ ಮಂಜುಗಡ್ಡೆಯಾಗಿಯೇ ಬೆಚ್ಚಗಾಗಬೇಕು, ಮೈನಸ್ 20ರಿಂದ ಸೊನ್ನೆಗೆ. ಒಂದು ಕಿಲೋ ಮಂಜುಗಡ್ಡೆ ಒಂದು ಡಿಗ್ರಿ ಏರಲು ಸುಮಾರು 2.1 ಕಿಲೋಜೂಲ್ ಸಾಕು. ಇದು ನೀರಿಗೆ ಬೇಕಾದುದರ ಅರ್ಧ. ವಸ್ತು ಅದೇ, ಸ್ಥಿತಿ ಬೇರೆ, ಅಂಕಿಯೂ ಬೇರೆ. 2.1ನ್ನು 20ರಿಂದ ಗುಣಿಸಿದರೆ 42 ಕಿಲೋಜೂಲ್. ಒಂದು ನಿಮಿಷವೂ ಆಗಲಿಲ್ಲ, 42 ಸೆಕೆಂಡಿನಲ್ಲಿ ಥರ್ಮಾಮೀಟರ್ ಸೊನ್ನೆ ಮುಟ್ಟಿತು.

ಅಲ್ಲಿ ಅದು ನಿಲ್ಲುತ್ತದೆ. ಹೀಟರ್ ಉರಿಯುತ್ತಲೇ ಇದೆ, ಸೆಕೆಂಡಿಗೆ ಒಂದು ಕಿಲೋಜೂಲ್ ಒಳಗೆ ಹೋಗುತ್ತಲೇ ಇದೆ, ಸೊನ್ನೆ ಮಾತ್ರ ಕದಲುವುದಿಲ್ಲ. ಒಂದು ಕಿಲೋ ಮಂಜುಗಡ್ಡೆ ಪೂರ್ತಿ ಕರಗಲು 334 ಕಿಲೋಜೂಲ್ ಬೇಕು. ಐದು ನಿಮಿಷ 34 ಸೆಕೆಂಡು ಕಳೆದ ಮೇಲೆ ಪಾತ್ರೆಯಲ್ಲಿರುವುದು ಸೊನ್ನೆ ಡಿಗ್ರಿಯ ನೀರು. ಮನೆಯಲ್ಲಿ ಇದನ್ನು ಮಾಡಿ ನೋಡುವವರು ಚೆನ್ನಾಗಿ ಕಲಕುತ್ತಿರಬೇಕು. ಕಲಕದಿದ್ದರೆ ತಳದ ನೀರು ಬೆಚ್ಚಗಾಗಿ, ಮೇಲೆ ಇನ್ನೂ ಗಡ್ಡೆ ತೇಲುತ್ತಿರುವಾಗಲೇ ಥರ್ಮಾಮೀಟರ್ ನಾಲ್ಕೋ ಐದೋ ಡಿಗ್ರಿ ತೋರಿಸುತ್ತದೆ. ಅದು ನಿಯಮದ ತಪ್ಪಲ್ಲ, ತಳದ ನೀರಿನ ಶಾಖ ಇನ್ನೂ ಗಡ್ಡೆಯನ್ನು ಮುಟ್ಟಿಲ್ಲ ಎಂಬುದರ ಗುರುತು.

ಮೂರನೆಯ ಹಂತ ನಮಗೆಲ್ಲ ಗೊತ್ತಿರುವ ನೀರು ಕಾಯಿಸುವ ಕೆಲಸ. ಸೊನ್ನೆಯಿಂದ ನೂರು ಡಿಗ್ರಿ, ಡಿಗ್ರಿಗೆ 4.19ರಂತೆ 419 ಕಿಲೋಜೂಲ್. ಗಡಿಯಾರದಲ್ಲಿ ಒಂದು ಸೆಕೆಂಡು ಕಡಿಮೆ ಏಳು ನಿಮಿಷ. ಕರಗಿಸುವುದಕ್ಕೂ ಸೊನ್ನೆಯಿಂದ ಕುದಿಯುವವರೆಗೆ ಕಾಯಿಸುವುದಕ್ಕೂ ಎಷ್ಟು ಕಡಿಮೆ ವ್ಯತ್ಯಾಸ ನೋಡಿ.

ಈಗ ಥರ್ಮಾಮೀಟರ್ ಮತ್ತೆ ನಿಲ್ಲುತ್ತದೆ, ನೂರರಲ್ಲಿ. ಈ ಸಲ ನಿಂತರೆ ಬೇಗ ಏಳುವುದಿಲ್ಲ. ಕುದಿಯುವ ಒಂದು ಕಿಲೋ ನೀರು ಪೂರ್ತಿ ಹಬೆಯಾಗಲು 2257 ಕಿಲೋಜೂಲ್ ಬೇಕು. ಮೂವತ್ತೇಳು ನಿಮಿಷ 37 ಸೆಕೆಂಡು. ಒಲೆಯ ಮೇಲೆ ನೀರಿಟ್ಟು ಮರೆತವರ ಪಾತ್ರೆ ತಕ್ಷಣ ಒಣಗಿ ಸೀಯದಿರುವುದು ಇದರಿಂದಲೇ. ಕುದಿ ಬರಲು ಎಷ್ಟು ಹೊತ್ತು ಹಿಡಿಯಿತೋ ಅದರ ಐದು ಪಟ್ಟಿಗಿಂತ ಹೆಚ್ಚು ಹೊತ್ತು ಅದು ಆರಿಹೋಗಲು ಹಿಡಿಯುತ್ತದೆ.

ಕೊನೆಯದು, ಹಬೆಯನ್ನೇ ಕಾಯಿಸುವುದು. ನೂರರಿಂದ 120ಕ್ಕೆ, ಡಿಗ್ರಿಗೆ ಸುಮಾರು 2 ಕಿಲೋಜೂಲ್‌ನಂತೆ 40 ಕಿಲೋಜೂಲ್, 40 ಸೆಕೆಂಡು. ಕುದಿಯುವ ಬಿಂದುವಿಗಿಂತ ಹೆಚ್ಚು ಬಿಸಿಯಾದ ಇಂಥ ಹಬೆಗೆ ಸೂಪರ್‌ಹೀಟೆಡ್ ಹಬೆ ಎನ್ನುತ್ತಾರೆ.

ಎಲ್ಲವನ್ನೂ ಕೂಡಿಸೋಣ. 42, 334, 419, 2257, 40. ಒಟ್ಟು 3092 ಕಿಲೋಜೂಲ್. ಗಡಿಯಾರದಲ್ಲಿ 51 ನಿಮಿಷ 32 ಸೆಕೆಂಡು. ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ ಎಂದರೆ 3600 ಕಿಲೋಜೂಲ್, ಹಾಗಾಗಿ ಇದು 0.86 ಯೂನಿಟ್. ಈ ಐವತ್ತೊಂದೂವರೆ ನಿಮಿಷದಲ್ಲಿ ಥರ್ಮಾಮೀಟರ್ ಏರಿದ್ದು ಬರೀ ಎಂಟು ನಿಮಿಷ ಚಿಲ್ಲರೆ. ಉಳಿದ ನಲವತ್ತಮೂರು ನಿಮಿಷ ಅದು ಸೊನ್ನೆಯಲ್ಲೋ ನೂರರಲ್ಲೋ ನಿಂತಿತ್ತು. ಲೆಕ್ಕವನ್ನು ಐದು ತುಂಡು ಮಾಡುವುದಕ್ಕೆ ಕಾರಣವೂ ಇದೇ. ತಾಪಮಾನ ಏರುವಾಗ ಸೂತ್ರ Q = mcΔT, ಅಂದರೆ ತೂಕ, ವಿಶಿಷ್ಟೋಷ್ಣ ಮತ್ತು ತಾಪಮಾನದ ವ್ಯತ್ಯಾಸ ಮೂರರ ಗುಣಲಬ್ಧ. ತಾಪಮಾನ ನಿಂತಾಗ ΔT ಸೊನ್ನೆ, ಆ ಸೂತ್ರ ಏನನ್ನೂ ಹೇಳಲಾರದು. ಅಲ್ಲಿ ಬೇಕಾದದ್ದು Q = mL, ತೂಕ ಮತ್ತು ಗುಪ್ತೋಷ್ಣದ ಗುಣಲಬ್ಧ. ಸೂತ್ರ ಅಥವಾ ಅದರೊಳಗಿನ ಅಂಕಿ ಬದಲಾಗುವ ಕಡೆಯೆಲ್ಲ ಲೆಕ್ಕವನ್ನು ಕಡಿಯಲೇಬೇಕು.

ನಾಲ್ಕನೆಯ ಹಂತವೊಂದೇ ಒಟ್ಟು ಶಾಖದ ಮುಕ್ಕಾಲು ಪಾಲಿಗೆ ಹತ್ತಿರ ತಿನ್ನುತ್ತದೆ. ಏಕೆ ಎಂದು ಕೇಳುವುದು ನ್ಯಾಯ. ನೀರಿನ ಅಣುಗಳು ಒಂದಕ್ಕೊಂದು ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡಿರುತ್ತವೆ. ಮಂಜುಗಡ್ಡೆಯಲ್ಲಿ ಅವು ಕ್ರಮಬದ್ಧ ಚೌಕಟ್ಟಿನಲ್ಲಿವೆ. ಕರಗಿದಾಗ ಆ ಚೌಕಟ್ಟು ಕುಸಿಯುತ್ತದೆ, ಆದರೆ ಬಂಧಗಳಲ್ಲಿ ಹೆಚ್ಚಿನವು ಹಾಗೇ ಉಳಿಯುತ್ತವೆ. ನೀರಿನ ಅಣು ತನ್ನ ನೆರೆಯವರನ್ನು ಬದಲಿಸುತ್ತಾ ಓಡಾಡಬಲ್ಲದು, ಗುಂಪು ಬಿಟ್ಟು ಹೋಗಲಾರದು. ಹಬೆಯಾಗಬೇಕಾದರೆ ಒಂದೊಂದು ಅಣುವೂ ಎಲ್ಲ ನೆರೆಯವರಿಂದ ಬಿಡಿಸಿಕೊಳ್ಳಬೇಕು. ಅದಕ್ಕೇ 334 ಎಲ್ಲಿ, 2257 ಎಲ್ಲಿ.

ಇದರ ಜೊತೆಗೆ ಇನ್ನೊಂದು ಖರ್ಚಿದೆ, ಪುಸ್ತಕಗಳು ಅದನ್ನು ಬಿಡಿಸಿ ಹೇಳುವುದು ಕಡಿಮೆ. ಒಂದು ಲೀಟರ್ ನೀರು ನೂರು ಡಿಗ್ರಿಯಲ್ಲಿ ಹಬೆಯಾದರೆ ಸುಮಾರು 1670 ಲೀಟರ್ ಜಾಗ ಬೇಡುತ್ತದೆ. ಆ ಜಾಗದಲ್ಲಿ ಮೊದಲೇ ಗಾಳಿ ಇದೆ. ಅದನ್ನು ತಳ್ಳಿಕೊಂಡು ಪಿಸ್ಟನ್ ಮೇಲೇರಬೇಕು. ಈ ತಳ್ಳುವ ಕೆಲಸಕ್ಕೆ ಸುಮಾರು 169 ಕಿಲೋಜೂಲ್ ಹೋಗುತ್ತದೆ. 2257ರಲ್ಲಿ ಇದನ್ನು ಕಳೆದು ಉಳಿದದ್ದು ಮಾತ್ರ ಅಣುಗಳನ್ನು ಬಿಡಿಸಲು ಖರ್ಚಾಗುವುದು.

ಇಂಥ ಲೆಕ್ಕಗಳಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗ ತೀರಾ ಚಿಕ್ಕದು. ಕೆಲ್ವಿನ್‌ಗೆ ಬದಲಾಯಿಸಲು 273 ಕೂಡಿಸಬೇಕು ಎಂದು ಕಲಿತವರು ತಾಪಮಾನದ ವ್ಯತ್ಯಾಸಕ್ಕೂ 273 ಕೂಡಿಸಿಬಿಡುತ್ತಾರೆ. 20 ಡಿಗ್ರಿ ಏರಿಕೆ ಕೆಲ್ವಿನ್‌ನಲ್ಲೂ 20 ಏರಿಕೆಯೇ. ಮೊದಲ ಹಂತಕ್ಕೆ 42ರ ಬದಲು 615 ಬಂದರೆ ಈ ತಪ್ಪು ಆಗಿದೆ ಎಂದೇ ಅರ್ಥ.

ಇನ್ನೊಂದು ತಪ್ಪು ಆಳದ್ದು. ಶಾಖ ಸಾಕಾಗುತ್ತದೆಯೇ ಎಂದು ನೋಡದೆ ಮಂಜುಗಡ್ಡೆ ಪೂರ್ತಿ ಕರಗಿತು ಎಂದುಕೊಳ್ಳುವುದು. 20 ಡಿಗ್ರಿಯಲ್ಲಿರುವ 200 ಗ್ರಾಂ ನೀರಿಗೆ ಮೈನಸ್ 20 ಡಿಗ್ರಿಯ 100 ಗ್ರಾಂ ಮಂಜುಗಡ್ಡೆ ಹಾಕಿದೆವು ಎನ್ನಿ. ಕೊನೆಯ ತಾಪಮಾನ ಎಷ್ಟು? ಎಲ್ಲ ಕರಗಿತು ಎಂದು ಭಾವಿಸಿ ಒಂದೇ ಸಮೀಕರಣ ಬರೆದು ಬಿಡಿಸಿದರೆ ಮೈನಸ್ 16.6 ಡಿಗ್ರಿ ಎಂಬ ಉತ್ತರ ಬರುತ್ತದೆ. ಮೈನಸ್ 16.6 ಡಿಗ್ರಿಯ ನೀರು! ಉತ್ತರ ಬಂದ ಕ್ಷಣವೇ ಇದು ಅಸಾಧ್ಯ ಎಂದು ತಿಳಿಯಬೇಕು, ಭಾವಿಸಿದ್ದೇ ತಪ್ಪು ಎಂದು ಹಿಂದಕ್ಕೆ ಹೋಗಬೇಕು.

ಸರಿಯಾದ ದಾರಿ ಹಂತ ಹಂತವಾಗಿ ಜಮಾ ಖರ್ಚು ನೋಡುವುದು. ನೀರು 20ರಿಂದ ಸೊನ್ನೆಗೆ ಇಳಿದರೆ ಕೊಡಬಲ್ಲ ಶಾಖ 16.8 ಕಿಲೋಜೂಲ್. ಅದರಲ್ಲಿ 4.2 ಕಿಲೋಜೂಲ್ ಗಡ್ಡೆಯನ್ನು ಸೊನ್ನೆಗೆ ತರಲು ಹೋಯಿತು. ಕೈಯಲ್ಲಿ ಉಳಿದದ್ದು 12.6. ನೂರು ಗ್ರಾಂ ಪೂರ್ತಿ ಕರಗಲು ಬೇಕಾದದ್ದು 33.4. ಸಾಲದು. ಇರುವ 12.6ರಲ್ಲಿ ಸುಮಾರು 38 ಗ್ರಾಂ ಕರಗುತ್ತದೆ, ಅಷ್ಟೇ. ಲೋಟದಲ್ಲಿ ಕೊನೆಗೆ ಉಳಿಯುವುದು 238 ಗ್ರಾಂ ನೀರು, 62 ಗ್ರಾಂ ಮಂಜುಗಡ್ಡೆ, ಎರಡೂ ಸೊನ್ನೆ ಡಿಗ್ರಿಯಲ್ಲಿ.

ಇಲ್ಲಿಯವರೆಗೆ ನೂರು ಡಿಗ್ರಿ, 2257 ಎಂಬ ಅಂಕಿಗಳನ್ನು ಪ್ರಶ್ನಿಸದೆ ಬಳಸಿದೆವು. ಅವು ಸಮುದ್ರಮಟ್ಟದ ಒತ್ತಡಕ್ಕೆ ಮಾತ್ರ ಸೇರಿದವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾದರೆ ನಮ್ಮ ಲೆಕ್ಕ ಬೆಂಗಳೂರಿನಲ್ಲಿ ಬದಲಾಗುತ್ತದೆಯೇ? ನೀರು ಕಾಯಿಸಲು 406 ಕಿಲೋಜೂಲ್ ಸಾಕು, 13 ಉಳಿಯಿತು. ಆದರೆ 97 ಡಿಗ್ರಿಯಲ್ಲಿ ಗುಪ್ತೋಷ್ಣ ತುಸು ಹೆಚ್ಚು, ಸುಮಾರು 2265. ಹಬೆಯೂ 20ರ ಬದಲು 23 ಡಿಗ್ರಿ ಏರಬೇಕು, ಅದಕ್ಕೆ 46. ಎಲ್ಲ ಕೂಡಿಸಿದರೆ 3093. ಬಿಡಿ ಅಂಕಿಗಳು ಬದಲಾದರೂ ಮೊತ್ತ ಅಲ್ಲಿಗೇ ಬಂದು ನಿಂತಿತು. ಇದು ಕಾಕತಾಳೀಯವಲ್ಲ. ಒತ್ತಡ ಇಷ್ಟು ಕಡಿಮೆ ಇರುವಾಗ 120 ಡಿಗ್ರಿಯ ಹಬೆಯಲ್ಲಿ ಅಡಗಿರುವ ಶಾಖ ಒತ್ತಡವನ್ನು ಹೆಚ್ಚು ಲೆಕ್ಕಿಸುವುದಿಲ್ಲ. ಹೊರಟ ಜಾಗ, ತಲುಪಿದ ಜಾಗ ಒಂದೇ ಆಗಿದ್ದರೆ ನಡುವಿನ ದಾರಿ ಬೇರೆಯಾದರೂ ಒಟ್ಟು ಖರ್ಚು ಹೆಚ್ಚುಕಡಿಮೆ ಒಂದೇ.

ಪ್ರೆಷರ್ ಕುಕ್ಕರಿನೊಳಗೂ 120 ಡಿಗ್ರಿಯ ಹಬೆ ಇರುತ್ತದೆ. ಆದರೆ ಅದು ಸೂಪರ್‌ಹೀಟೆಡ್ ಅಲ್ಲ. ಅಲ್ಲಿ ಒತ್ತಡ ಸುಮಾರು ಎರಡು ಪಟ್ಟು, ಕುದಿಯುವ ಬಿಂದುವೇ 120. ಹಬೆಯ ಪಕ್ಕದಲ್ಲಿ ನೀರು ಕುದಿಯುತ್ತಿರುವ ತನಕ ಎರಡೂ ಒಂದೇ ತಾಪಮಾನದಲ್ಲಿರುತ್ತವೆ. ಹಬೆಗೆ ಹೆಚ್ಚು ಶಾಖ ಕೊಟ್ಟರೂ ಅದು ಇನ್ನಷ್ಟು ನೀರನ್ನು ಹಬೆಯಾಗಿಸಲು ಹೋಗುತ್ತದೆ. ಹಬೆ ಸೂಪರ್‌ಹೀಟ್ ಆಗಬೇಕಾದರೆ ಅದು ನೀರಿನ ಸಂಗ ಬಿಡಬೇಕು. ನಮ್ಮ ಪಿಸ್ಟನ್ ಪಾತ್ರೆಯಲ್ಲಿ ಕೊನೆಯ ಹನಿ ನೀರು ಆರಿದ ಮೇಲೆಯೇ ಥರ್ಮಾಮೀಟರ್ ನೂರು ದಾಟಿದ್ದು ಇದಕ್ಕೇ.

ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವ ಸ್ಥಾವರಗಳಲ್ಲಿ ಈ ಕೆಲಸ ಬೇರೆ ಕೊಳವೆಗಳಲ್ಲಿ ನಡೆಯುತ್ತದೆ. ಬಾಯ್ಲರಿನ ಡ್ರಮ್‌ನಲ್ಲಿ ನೀರಿನಿಂದ ಬೇರ್ಪಟ್ಟ ಹಬೆ ಸೂಪರ್‌ಹೀಟರ್ ಎಂಬ ಕೊಳವೆಗಳ ಸಾಲಿಗೆ ಹೋಗಿ, ಅಲ್ಲಿ ಬೆಂಕಿಯ ಬಿಸಿಗೆ 540 ಡಿಗ್ರಿಯ ಆಸುಪಾಸಿಗೆ ಏರಿ, ಆಮೇಲೆ ಟರ್ಬೈನಿಗೆ ಬರುತ್ತದೆ. ಹಬೆ ಟರ್ಬೈನಿನಲ್ಲಿ ಕೆಲಸ ಮಾಡುತ್ತಾ ತಣ್ಣಗಾಗುತ್ತದೆ. ಕುದಿಯುವ ಬಿಂದುವಿನಲ್ಲೇ ಇದ್ದ ಹಬೆಯಾದರೆ ತಣ್ಣಗಾಗಲು ಶುರುವಾದ ಕೂಡಲೇ ನೀರಹನಿ ಕಟ್ಟಿ, ಅತಿವೇಗದಲ್ಲಿ ತಿರುಗುವ ಅಲಗುಗಳಿಗೆ ಬಡಿದು ಅವನ್ನು ಸವೆಸುತ್ತದೆ. ಸೂಪರ್‌ಹೀಟ್ ಮಾಡಿದ ಹಬೆ ಬಹಳ ದೂರ ಹನಿಯಾಗದೆ ಸಾಗಬಲ್ಲದು.

ಅಲ್ಲಿಯ ಒತ್ತಡದಲ್ಲಿ ನಮ್ಮ ಅಂಕಿಗಳು ಗುರುತು ಸಿಗದಷ್ಟು ಬದಲಾಗಿರುತ್ತವೆ. ಗಾಳಿಯ ಒತ್ತಡದ ಸುಮಾರು 150 ಪಟ್ಟಿನಲ್ಲಿ ನೀರು ಕುದಿಯುವುದು 342 ಡಿಗ್ರಿಯಲ್ಲಿ, ಗುಪ್ತೋಷ್ಣ ಸುಮಾರು 1000 ಕಿಲೋಜೂಲ್‌ಗೆ ಇಳಿದಿರುತ್ತದೆ. ಒತ್ತಡ ಏರಿದಷ್ಟೂ ಹಬೆ ಹೆಚ್ಚು ದಟ್ಟವಾಗುತ್ತದೆ, ನೀರಿಗೂ ಹಬೆಗೂ ಇರುವ ಅಂತರ ಕಿರಿದಾಗುತ್ತದೆ, ದಾಟಲು ಬೇಕಾದ ಶಾಖವೂ ಕಡಿಮೆಯಾಗುತ್ತದೆ. 374 ಡಿಗ್ರಿ, 218 ಪಟ್ಟು ಒತ್ತಡ ತಲುಪಿದಾಗ ಗುಪ್ತೋಷ್ಣ ಸೊನ್ನೆ. ಅದನ್ನು ಕ್ರಾಂತಿಬಿಂದು ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನೀರು ಗುಳ್ಳೆ ಏಳದೆ, ಕುದಿಯದೆ, ಥರ್ಮಾಮೀಟರ್ ಎಲ್ಲೂ ನಿಲ್ಲದೆ ಹಬೆಯಂತಾಗುತ್ತದೆ.

ರಾಯಚೂರು ಜಿಲ್ಲೆಯ ಯರಮರಸ್ ಉಷ್ಣ ವಿದ್ಯುತ್ ಸ್ಥಾವರದ 800 ಮೆಗಾವಾಟ್‌ನ ಎರಡು ಘಟಕಗಳು ಈ ಬಗೆಯವು. ಅವು ಸೂಪರ್‌ಕ್ರಿಟಿಕಲ್ ಬಾಯ್ಲರುಗಳು, ಪೂರ್ಣ ಪ್ರಮಾಣದಲ್ಲಿ ನಡೆಯುವಾಗ ಅಲ್ಲಿ ನಮ್ಮ ನಾಲ್ಕನೆಯ ಹಂತವೇ ಇರುವುದಿಲ್ಲ. ಅಲ್ಲಿಯ ಎಂಜಿನಿಯರುಗಳು ಐದು ಹಂತದ ಗುಣಾಕಾರ ಮಾಡುವುದಿಲ್ಲ, ಒಂದೊಂದು ಒತ್ತಡಕ್ಕೂ ತಾಪಮಾನಕ್ಕೂ ಅಳೆದಿಟ್ಟ ಹಬೆಯ ಕೋಷ್ಟಕಗಳನ್ನು ನೋಡುತ್ತಾರೆ. 2257 ಎಂಬ ಅಂಕಿ ಇನ್ನು ಮುಂದೆ ಎಲ್ಲಿ ಕಂಡರೂ, ಅದು ಯಾವ ಒತ್ತಡದ ಲೆಕ್ಕ ಎಂದು ಮೊದಲು ಕೇಳಿ.